ಸಹಾಯ ಬೇಕು: ಫೋಟೋದಲ್ಲಿರುವುದು ಕೃಷ್ಣೆಯೋ, ಗೋದಾವರಿಯೋ?

ಸಿಂಧನೂರಿನಿಂದ ಬರೆಯುತ್ತಿದ್ದೇನೆ. ಅಕ್ಕ ವಿಶಾಖಪಟ್ಟಣದಿಂದ ಬೆಂಗಳೂರಿಗೆ ಬರುವಾಗ ಬಲಗಡೆ ಕಿಟಕಿಯಿಂದ ತೆಗೆದ ಫೋಟೋ ಇದು. ವಾಟ್ಸಾಪ್‌ನಲ್ಲಿ ಬಂದಿದ್ದರಿಂದ ಸಮಯ, ಜಾಗದ ಮಾಹಿತಿ ಉಳಿದಿಲ್ಲ. ವಿಮಾನ ಹೋಗುವುದು ನೈಋತ್ಯಕ್ಕೆ, ಹಾಗಾಗಿ ಫೋಟೋದ ಮೇಲ್ಭಾಗ ವಾಯವ್ಯ. ಮ್ಯಾಪನ್ನು ಹಾಗೆ ತಿರುಗಿಸಿಕೊಂಡು ನೋಡಿ.

ಕೆಳಗೆ ಕಡಲ ದಡ ಇದೆ. ಅಲ್ಲಿ ನದಿ ಹಕ್ಕಿಯ ಕಾಲಿನಂತೆ ಕವಲೊಡೆದಿದೆ. ಇದು ಕೃಷ್ಣೆಯ ಲಕ್ಷಣ ಅಲ್ವಾ? ಗೋದಾವರಿಯಾಗಿದ್ದರೆ ಬಲಕ್ಕೆ, ಕಾಕಿನಾಡದ ಮುಂದೆ ಉದ್ದನೆಯ ಮರಳ ದಿಬ್ಬ ಕಾಣಬೇಕಿತ್ತು. ಆದರೆ ಫೋಟೋ ಅಷ್ಟು ದೂರ ಹೋಗಿಲ್ಲ. ನಮ್ಮ ಕಡೆಯಂಥ ಕಾಲುವೆ ಗದ್ದೆಗಳು, ಚೌಕ ಚೌಕ ಮೀನು ಕೆರೆಗಳು ಎರಡೂ ಕಡೆ ಇವೆ, ಅದರಿಂದ ತೀರ್ಮಾನವಾಗುವುದಿಲ್ಲ.

ಕವಲಿಗಿಂತ ಮೇಲಿನ ದೊಡ್ಡ ತಿರುವು, ಅದರ ಪಕ್ಕದ ನೇರ ಕಾಲುವೆ, ಇವೆರಡನ್ನೂ ಒಟ್ಟಿಗೆ ಹೊಂದಿಸಿ ನೋಡ್ತೀರಾ? ಮರಳು ಪ್ರವಾಹಕ್ಕೆ ಜಾಗ ಬದಲಿಸುತ್ತದೆ, ಅದನ್ನು ನಂಬಬೇಡಿ.