ಪದಚರ್ಚೆ: ತ್ರಿಕೋನ "ಗಟ್ಟಿ" ಅಂದರೆ ಸರಿಯೇ? ಗೇಟಿನ ಓರೆ ಪಟ್ಟಿಗೆ ಹೆಸರೇನು?

ಗೌರಿಬಿದನೂರಿನಿಂದ

ಎಲ್ಲರಿಗೂ ನಮಸ್ಕಾರ. ನಾನು ಗಣಿತದ ಮೇಡಂ. ಎಂಟನೇ ತರಗತಿಗೆ ಒಂದು ಪುಟದ ಬರಹ ಮಾಡುತ್ತಿದ್ದೇನೆ. ಗೇಟುಗಳಲ್ಲಿ, ಕಬ್ಬಿಣದ ಸೇತುವೆಗಳಲ್ಲಿ ಎಲ್ಲಿ ನೋಡಿದರೂ ತ್ರಿಕೋನ ಏಕೆ ಇರುತ್ತದೆ ಅನ್ನುವುದು ವಿಷಯ. ಎರಡು ಪದಗಳ ಹತ್ತಿರ ಸಿಕ್ಕಿಕೊಂಡಿದ್ದೇನೆ.

"ತ್ರಿಕೋನ ಗಟ್ಟಿ, ಚೌಕ ಗಟ್ಟಿಯಲ್ಲ" ಅಂತ ಬರೆದಿದ್ದೆ. ತರಗತಿಯಲ್ಲಿ ತೆಂಗಿನ ಕಡ್ಡಿ, ಗುಂಡುಸೂಜಿಯಿಂದ ತ್ರಿಕೋನ ಮಾಡಿದೆವು. ಕಬ್ಬಿಣದ ಪಟ್ಟಿ, ಬೋಲ್ಟುಗಳಿಂದ ಚೌಕ ಮಾಡಿದೆವು. ಕಬ್ಬಿಣದ ಚೌಕ ಅತ್ತಿತ್ತ ವಾಲಿತು, ಕಡ್ಡಿಯ ತ್ರಿಕೋನ ವಾಲಲಿಲ್ಲ. ಆದರೆ ಒಬ್ಬ ಹುಡುಗ ಕಡ್ಡಿಯನ್ನು ಪಟಕ್ಕನೆ ಮುರಿದು, "ಈಗ ಹೇಳಿ ಮಿಸ್, ಯಾವುದು ಗಟ್ಟಿ?" ಅಂದ. ಅವನು ಕೇಳಿದ್ದು ಸರಿಯಾಗಿಯೇ ಇದೆ ಅಲ್ವಾ?

ಎರಡನೆಯದು, ಗೇಟಿನಲ್ಲಿ ಮೂಲೆಯಿಂದ ಮೂಲೆಗೆ ಓರೆಯಾಗಿ ಹೋಗುವ ಪಟ್ಟಿ. ಇಲ್ಲಿ ವೆಲ್ಡಿಂಗ್ ಅಂಗಡಿಯಲ್ಲಿ "ಕ್ರಾಸ್" ಅನ್ನುತ್ತಾರೆ. ಪಠ್ಯದಲ್ಲಿ "ಕರ್ಣ" ಇದೆ, ಆದರೆ ಅದು ಗೆರೆಯ ಹೆಸರು, ಕಬ್ಬಿಣದ್ದಲ್ಲ. ನಿಮ್ಮ ಕಡೆ ಏನನ್ನುತ್ತೀರಿ?

ತುಮಕೂರಿನಿಂದ

ಮೇಡಂ, "ಬಿಗಿ" ಅಂತ ಹಾಕಿ. ತ್ರಿಕೋನ ಬಿಗಿ, ಚೌಕ ಸಡಿಲ. ಮುಗಿಯಿತು.

ನಿಮ್ಮ ಚೌಕ ವಾಲಿದ್ದು ಮೂಲೆಗೆ ಒಂದೊಂದೇ ಬೋಲ್ಟ್ ಹಾಕಿದ್ದರಿಂದ. ಮೂಲೆಯನ್ನು ಸರಿಯಾಗಿ ವೆಲ್ಡ್ ಮಾಡಿಸಿದ್ದರೆ ಒಂದು ಕೂದಲೂ ಅಲುಗುತ್ತಿರಲಿಲ್ಲ. ನಮ್ಮ ಮನೆಯ ಕಿಟಕಿಗಳ ಕಬ್ಬಿಣದ ಫ್ರೇಮಿಗೆ ಕ್ರಾಸ್ ಎಲ್ಲಿದೆ? ಆದರೂ ಸುಮ್ನೆ ಹಾಗೇ ನಿಂತಿವೆ. ಈ ತ್ರಿಕೋನದ ಮಹಿಮೆ ಸ್ವಲ್ಪ ಜಾಸ್ತಿ ಆಯಿತು ಅಂತ ನನ್ನ ಅನಿಸಿಕೆ.

ಕೋಲಾರದಿಂದ

ಸೇತುವೆ ಕೆಲಸದಲ್ಲಿದ್ದು ನಿವೃತ್ತನಾದವನು ನಾನು. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಆ ಹುಡುಗನಿಗೆ ಮೊದಲು ಉತ್ತರ ಕೊಡೋಣ. ಅವನು ಮುರಿದದ್ದು ಕಡ್ಡಿಯನ್ನು, ಆಕಾರವನ್ನಲ್ಲ. ಇಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: ಯಾವ ಕಡ್ಡಿಯನ್ನೂ ಬಗ್ಗಿಸದೆ, ಎಳೆಯದೆ, ಮುರಿಯದೆ ಆಕಾರ ಬದಲಾಯಿಸಲು ಬರುತ್ತದೆಯೇ? ತ್ರಿಕೋನದ ಒಂದು ಕಡ್ಡಿಯನ್ನು ಮೇಜಿನ ಮೇಲೆ ಒತ್ತಿ ಹಿಡಿಯಿರಿ. ಅದರ ಎರಡು ತುದಿಗಳಲ್ಲಿ ಇನ್ನೆರಡು ಕಡ್ಡಿಗಳಿವೆ. ಒಂದೊಂದನ್ನೂ ಬಿಡಿಸಿ ತಿರುಗಿಸಿದರೆ ಅದರ ತುದಿ ಒಂದು ವೃತ್ತದ ಮೇಲೆ ಓಡಾಡುತ್ತದೆ. ಆ ಎರಡು ವೃತ್ತಗಳು ಮೇಲ್ಗಡೆ ಸೇರುವುದು ಒಂದೇ ಜಾಗದಲ್ಲಿ. ಎರಡು ತುದಿಗಳನ್ನೂ ಅಲ್ಲಿ ಸೂಜಿ ಚುಚ್ಚಿ ಸೇರಿಸಿದ ಮೇಲೆ ಅವಕ್ಕೆ ಬೇರೆಲ್ಲೂ ಹೋಗಲು ಜಾಗವಿಲ್ಲ. ಚೌಕದಲ್ಲಿ ಹಾಗಲ್ಲ. ಎರಡು ತುದಿಗಳ ನಡುವೆ ಇನ್ನೊಂದು ಪಟ್ಟಿ ಇದೆ. ತುದಿಗಳೆರಡೂ ಜೊತೆಜೊತೆಯಾಗಿ ಪಕ್ಕಕ್ಕೆ ಹೋಗಬಹುದು, ಯಾವ ಪಟ್ಟಿಯ ಉದ್ದವೂ ಬದಲಾಗಬೇಕಿಲ್ಲ. ಆದ್ದರಿಂದ ವಾಲುತ್ತದೆ.

ಇದರಲ್ಲಿ ಬದಲಾಗುವುದು ಒಂದೇ, ಮೂಲೆಯಿಂದ ಮೂಲೆಗಿರುವ ದೂರ. ಒಂದು ಕಡೆಯ ದೂರ ಹೆಚ್ಚುತ್ತದೆ, ಇನ್ನೊಂದು ಕಡೆಯದು ಕಡಿಮೆಯಾಗುತ್ತದೆ. ಅಲ್ಲೊಂದು ಪಟ್ಟಿ ಕೂರಿಸಿದರೆ ಆ ದೂರ ಬದಲಾಗಲು ಬಿಡುವುದಿಲ್ಲ, ಚೌಕ ಎರಡು ತ್ರಿಕೋನವಾಗುತ್ತದೆ.

ತುಮಕೂರಿನ ಗೆಳೆಯರು ಹೇಳಿದ್ದು ಅರ್ಧ ನಿಜ. ವೆಲ್ಡ್ ಮಾಡಿದ ಮೂಲೆಯೂ ಆಕಾರ ಹಿಡಿಯುತ್ತದೆ. ಬೆಲ್ಜಿಯಂನ ವಿಯೆರೆಂಡೀಲ್ ಎಂಬ ಇಂಜಿನಿಯರ್ 1890ರ ದಶಕದಲ್ಲಿ ಓರೆ ಕಂಬಿಗಳೇ ಇಲ್ಲದ ಸೇತುವೆಯನ್ನು ರೂಪಿಸಿದರು, ಬರೀ ಚೌಕಗಳ ಸಾಲು. ಆದರೆ ಅದರಲ್ಲಿ ಪಟ್ಟಿಗಳು ಬಗ್ಗದೆ ತಡೆಯಬೇಕು, ಮೂಲೆಗಳು ದಪ್ಪಗಿರಬೇಕು, ಸಾಮಾನ್ಯವಾಗಿ ಉಕ್ಕು ಜಾಸ್ತಿ ಬೇಕು. ಕಬ್ಬಿಣದ ಪಟ್ಟಿಯನ್ನು ಕೈಯಲ್ಲೇ ಬಗ್ಗಿಸಬಹುದು, ಉದ್ದಕ್ಕೆ ಎಳೆದು ಹಿಗ್ಗಿಸಲು ಆಗುವುದಿಲ್ಲ. 25 ಮಿ.ಮೀ. ಅಗಲ, 5 ಮಿ.ಮೀ. ದಪ್ಪದ ಪಟ್ಟಿಯನ್ನು ಮೀಟರಿಗೆ ಒಂದೇ ಒಂದು ಮಿ.ಮೀ. ಹಿಗ್ಗಿಸಲು ಸುಮಾರು ಎರಡೂವರೆ ಟನ್ ಎಳೆತ ಬೇಕು. ತ್ರಿಕೋನ ಈ ಗುಣವನ್ನು ಬಳಸಿಕೊಳ್ಳುತ್ತದೆ. ಕಿಟಕಿಯ ಫ್ರೇಮಿಗೆ ಗೋಡೆಯೇ ಸುತ್ತಲೂ ಆಸರೆ. ಗೇಟು ಒಂದೇ ಕಡೆ ನೇತಾಡುತ್ತದೆ, ಅದಕ್ಕೆ ಆ ಭಾಗ್ಯವಿಲ್ಲ.

"ಬಿಗಿ" ನನಗೆ ಒಪ್ಪಿಗೆಯಿಲ್ಲ. ಚೌಕದ ಬೋಲ್ಟುಗಳನ್ನು ಬಿಗಿ ಮಾಡಿದರೂ ಅದು ಸ್ವಲ್ಪ ಹೊತ್ತು ವಾಲದೆ ನಿಲ್ಲುತ್ತದೆ. ಅದು ತಿಕ್ಕಾಟದ ಕೆಲಸ, ಆಕಾರದ್ದಲ್ಲ. ತ್ರಿಕೋನದ ಬೋಲ್ಟು ಸಡಿಲವಿದ್ದರೂ ಅದು ಚೌಕದಂತೆ ಮಲಗುವುದಿಲ್ಲ.

ಮಾಲೂರಿನಿಂದ

ನಮಸ್ಕಾರ ಸರ್. ಪದದ ವಿಷಯ ನನಗೆ ಅಷ್ಟು ಗೊತ್ತಿಲ್ಲ. ಗೇಟಿನ ಮಾತು ಬಂತು ಅಂತ ಕೇಳುತ್ತಿದ್ದೇನೆ. ನಮ್ಮ ಟೊಮೆಟೊ ತೋಟದ ಗೇಟು ಹತ್ತು ಅಡಿ ಅಗಲ, ನಾಲ್ಕು ಅಡಿ ಎತ್ತರ, ಒಂದೇ ಬಾಗಿಲು. ತುದಿ ನೆಲಕ್ಕೆ ಉಜ್ಜುತ್ತದೆ, ಎತ್ತಿ ಎತ್ತಿ ತೆಗೆಯಬೇಕು. ಕ್ರಾಸ್ ಆಗಲೇ ಒಂದಿದೆ. ಇನ್ನೊಂದು ಹಾಕಿಸಿದರೆ ಸರಿಹೋಗುತ್ತದೆಯೇ?

ಕೋಲಾರದಿಂದ

ದುಡ್ಡು ಖರ್ಚು ಮಾಡುವ ಮೊದಲು ಒಂದು ಟೇಪ್ ತೆಗೆದುಕೊಳ್ಳಿ. ಗೇಟಿನ ಎರಡೂ ಓರೆಗಳನ್ನು ಮೂಲೆಯಿಂದ ಮೂಲೆಗೆ ಅಳೆಯಿರಿ. ಮೊದಲು ಸರಿಯಾದ ಚೌಕಟ್ಟಾಗಿದ್ದು ಈಗ ಗೇಟೇ ಸೊಟ್ಟಗಾಗಿದ್ದರೆ, ಹಿಂಜಿನ ಕಡೆಯ ಮೇಲ್ಮೂಲೆಯಿಂದ ತುದಿಯ ಕೆಳಮೂಲೆಗಿರುವ ಅಳತೆ ಜಾಸ್ತಿ ಬರುತ್ತದೆ. ನಿಮ್ಮ ಅಳತೆಯ ಗೇಟಿನ ತುದಿ ಎರಡು ಇಂಚು ಇಳಿದಿದ್ದರೆ ಎರಡು ಓರೆಗಳ ನಡುವೆ ಸುಮಾರು ಒಂದೂವರೆ ಇಂಚು ವ್ಯತ್ಯಾಸ ಇರಬೇಕು. ಎರಡೂ ಸಮ ಬಂದರೆ ಗೇಟಿನ ತಪ್ಪಲ್ಲ, ಕಂಬವನ್ನು ಮತ್ತು ಹಿಂಜನ್ನು ನೋಡಿ.

ಇನ್ನೊಂದು ವಿಷಯ. ನಿಮ್ಮ ಕ್ರಾಸ್ ಯಾವ ಮೂಲೆಯಿಂದ ಯಾವ ಮೂಲೆಗೆ ಹೋಗಿದೆ? ಮೇಡಂ ಅವರ ಪದದ ಪ್ರಶ್ನೆಗೂ ಇದು ಬೇಕು.

ಗೇಟು 40 ಕೆ.ಜಿ. ಇದೆ ಅಂದುಕೊಳ್ಳಿ. ಭಾರ ಎಲ್ಲ ಕಡೆ ಸಮನಾಗಿದ್ದರೆ ಅರ್ಧ ಹಿಂಜಿನ ಕಡೆ, ಅರ್ಧ ಅಂದರೆ 20 ಕೆ.ಜಿ. ತುದಿಯ ಕಡೆ. ಮೂಲೆಗಳನ್ನು ನಂಬದೆ ಲೆಕ್ಕ ಹಾಕಿದರೆ ಆ 20 ಕೆ.ಜಿ.ಯನ್ನು ಓರೆ ಪಟ್ಟಿಯೇ ಹಿಡಿಯಬೇಕು. ಹತ್ತಕ್ಕೆ ನಾಲ್ಕರ ಚೌಕಟ್ಟಿನಲ್ಲಿ ಓರೆ ಸುಮಾರು 10.8 ಅಡಿ. ಅದು ಬಹಳ ಮಲಗಿದೆ. ಹಾಗಾಗಿ 20 ಕೆ.ಜಿ. ಎತ್ತಲು ಅದರ ಉದ್ದಕ್ಕೆ ಸುಮಾರು 54 ಕೆ.ಜಿ. ಬಲ ಬೀಳುತ್ತದೆ.

ಈಗ ಪಟ್ಟಿ ಹಿಂಜಿನ ಮೇಲ್ಮೂಲೆಯಿಂದ ತುದಿಯ ಕೆಳಮೂಲೆಗೆ ಇದ್ದರೆ ಆ 54 ಕೆ.ಜಿ. ಎಳೆತ. ಮೊದಲು ಹೇಳಿದ 25–5ರ ಪಟ್ಟಿಗೆ ಅದು ಏನೇನೂ ಅಲ್ಲ. ಹಿಂಜಿನ ಕೆಳಮೂಲೆಯಿಂದ ತುದಿಯ ಮೇಲ್ಮೂಲೆಗೆ ಇದ್ದರೆ ಅದೇ 54 ಕೆ.ಜಿ. ಒತ್ತಡ. ನಡುವೆ ಎಲ್ಲೂ ಬೇರೆ ಕಂಬಿಗೆ ಬೆಸೆಯದೆ ಬಿಟ್ಟಿದ್ದರೆ ಅಷ್ಟು ಉದ್ದದ ಅದೇ ಪಟ್ಟಿ ಐದು ಕೆ.ಜಿ. ಒತ್ತಡಕ್ಕೇ ಬಿಲ್ಲಿನಂತೆ ಬಾಗುತ್ತದೆ. ಪಟ್ಟಿ ಅದೇ, ಗೇಟು ಅದೇ. ಮೂಲೆ ಬದಲಾಯಿತು ಅಷ್ಟೇ. ಒತ್ತಡದ ಕಡೆ ಹಾಕಲೇಬೇಕು ಅಂದರೆ ಪೈಪು ಅಥವಾ ಆಂಗಲ್ ಹಾಕಬೇಕು, ನಡುನಡುವೆ ಬೆಸೆಯಬೇಕು.

ಮರದ ಬಾಗಿಲಿಗೆ ಇದು ತಿರುಗುಮುರುಗು. ಮರದ ಪಟ್ಟಿ ದಪ್ಪ, ಒತ್ತಡ ತಡೆಯುತ್ತದೆ. ಎಳೆದರೆ ತುದಿಯ ಮೊಳೆ ಕಿತ್ತು ಬರುತ್ತದೆ. ಆದ್ದರಿಂದ ಗೊತ್ತಿರುವ ಬಡಗಿ ಹಿಂಜಿನ ಕೆಳಗಿನಿಂದ ತುದಿಯ ಮೇಲಕ್ಕೆ ಹಾಕುತ್ತಾನೆ. ಸೇತುವೆಯಲ್ಲೂ ಇದೇ ನಡೆಯಿತು. ಅಮೆರಿಕದಲ್ಲಿ 1840ರಲ್ಲಿ ಹೌ ಎಂಬುವರು ಪೇಟೆಂಟ್ ಪಡೆದ ಸೇತುವೆಯಲ್ಲಿ ಓರೆ ತೊಲೆಗಳು ಮರದವು, ಒತ್ತಡ ಹೊರುತ್ತವೆ. ನೇರ ಸರಳುಗಳು ಕಬ್ಬಿಣದವು, ಎಳೆತ ಹೊರುತ್ತವೆ. 1844ರಲ್ಲಿ ಪ್ರಾಟ್ ತಂದೆ–ಮಗ ಓರೆಗಳನ್ನು ಇನ್ನೊಂದು ಕಡೆಗೆ ತಿರುಗಿಸಿದರು. ಎಳೆತ ಉದ್ದದ ಓರೆಗಳಿಗೆ ಹೋಯಿತು, ಒತ್ತಡ ಗಿಡ್ಡ ಕಂಬಗಳಿಗೆ ಬಂತು. ಕಬ್ಬಿಣಕ್ಕೆ ಇದು ಹೇಳಿ ಮಾಡಿಸಿದ್ದು. ಹಳೆಯ ಸೇತುವೆಯ ಚಿತ್ರ ಸಿಕ್ಕರೆ ಓರೆಗಳು ಯಾವ ಕಡೆ ವಾಲಿವೆ, ಯಾವುವು ತೆಳ್ಳಗಿವೆ ನೋಡಿ. ತೆಳ್ಳಗಿದ್ದರೆ ಹೆಚ್ಚಾಗಿ ಎಳೆತದವು.

ಹಾಗಾಗಿ ಮೇಡಂ, ನನ್ನ ಪ್ರಕಾರ ಒಂದೇ ಹೆಸರು ಸಾಲದು. ಒಂದನ್ನು "ಎಳೆಪಟ್ಟಿ", ಇನ್ನೊಂದನ್ನು "ಒತ್ತುಪಟ್ಟಿ" ಅನ್ನಬಹುದು.

ತುಮಕೂರಿನಿಂದ

ಲೆಕ್ಕಕ್ಕೆ ಕೈ ಮುಗಿದೆ ಸರ್. ಆದರೆ ಅಂಗಡಿಗೆ ಹೋಗಿ "ಒಂದು ಎಳೆಪಟ್ಟಿ ಹಾಕಪ್ಪ" ಅಂದರೆ ಆತ ಮುಖ ನೋಡುತ್ತಾನೆ. ಕ್ರಾಸ್ ಅಂತಲೇ ಇರಲಿ. ಯಾವ ಮೂಲೆಯಿಂದ ಅಂತ ಬಾಯಲ್ಲಿ ಹೇಳಿದರಾಯಿತು. ಮತ್ತೆ, ಎರಡೂ ಕಡೆ ಹಾಕಿ ಇಂಟು ಗುರುತಿನ ಹಾಗೆ ಮಾಡಿಬಿಟ್ಟರೆ ಈ ತಾಪತ್ರಯವೇ ಇಲ್ಲವಲ್ಲ?

ಮಧುಗಿರಿಯಿಂದ

ನಾನು ಸೈನ್ಯದ ಇಂಜಿನಿಯರ್ ದಳದಲ್ಲಿದ್ದವನು. ಬಿಡಿ ಉಕ್ಕಿನ ಪ್ಯಾನೆಲ್‌ಗಳನ್ನು ಸೇರಿಸಿ ಬೇಗ ಕಟ್ಟುವ ಬೈಲಿ ಸೇತುವೆ ಜೋಡಿಸಿದ್ದೇವೆ. ಅದರ ಒಂದೊಂದು ಪ್ಯಾನೆಲ್ ಹತ್ತು ಅಡಿ ಉದ್ದ, ಸುಮಾರು 260 ಕೆ.ಜಿ., ಆರು ಜನ ಹೊರುತ್ತಿದ್ದೆವು. ಅದರ ಒಳಗೆಲ್ಲ ಓರೆ ಕಂಬಿಗಳೇ. ಎರಡೂ ಕಡೆಗೆ ಓರೆ ಇರುವುದರಿಂದ ಲಾರಿ ಸೇತುವೆಯ ಮೇಲೆ ಮುಂದೆ ಹೋದಂತೆ ಎಳೆತ–ಒತ್ತಡ ಅದಲು ಬದಲಾದರೂ ತೊಂದರೆಯಿಲ್ಲ. ಗೇಟಿನಲ್ಲಿ ಭಾರ ಯಾವಾಗಲೂ ಕೆಳಕ್ಕೇ ಅಲ್ವಾ? ಅಲ್ಲಿ ಎರಡನೆಯ ತೆಳು ಪಟ್ಟಿ ಕೆಲಸ ಮಾಡದೆ ತೂಕ ಮಾತ್ರ ಕೂಡಿಸುತ್ತದೆ. ಮಕ್ಕಳು ಗೇಟಿನ ಮೇಲೆ ಜೋತಾಡುವ ಮನೆಯಾದರೆ ಬೇರೆ ಮಾತು, ಆಗ ಏನು ಹಾಕಿದರೂ ಕಡಿಮೆಯೇ.

ಪದಕ್ಕೆ ಬಂದರೆ, "ಆಕಾರ ಬಿಡದ" ಅನ್ನುವುದು ಚೆನ್ನಾಗಿದೆ ಅನಿಸುತ್ತದೆ.

ಮಾಲೂರಿನಿಂದ

ಸರ್, ಅಳೆದೆ. ಕ್ರಾಸ್ ಹಿಂಜಿನ ಮೇಲಿನಿಂದಲೇ ಕೆಳಕ್ಕೆ ಹೋಗಿದೆ. ಎರಡೂ ಓರೆಗಳು ಸಮ. ಕಲ್ಲುಕಂಬಕ್ಕೆ ತೂಗುಗುಂಡು ಬಿಟ್ಟು ನೋಡಿದರೆ ನಾಲ್ಕು ಅಡಿಗೆ ಅರ್ಧ ಇಂಚು ಗೇಟಿನ ಕಡೆ ವಾಲಿದೆ. ಅಷ್ಟೇ ಅಷ್ಟಕ್ಕೆ ಇಷ್ಟು ಇಳಿಯುತ್ತದೆಯೇ? ಮೇಸ್ತ್ರಿ ಹಿಂಜು ಸವೆದಿದೆ ಅನ್ನುತ್ತಾರೆ.

ಕೋಲಾರದಿಂದ

ಇಳಿಯುತ್ತದೆ. ನಾಲ್ಕು ಅಡಿಗೆ ಅರ್ಧ ಇಂಚು ಅಂದರೆ ಹತ್ತು ಅಡಿಗೆ ಒಂದೂಕಾಲು ಇಂಚು. ಮೇಸ್ತ್ರಿ ಹೇಳಿದ್ದೂ ಇರಬಹುದು. ಮೇಲಿನ ಹಿಂಜನ್ನು ಆ ಗೇಟು ಸುಮಾರು 50 ಕೆ.ಜಿ. ಬಲದಿಂದ ಪಕ್ಕಕ್ಕೆ ಎಳೆಯುತ್ತಿರುತ್ತದೆ, ಕೆಳಗಿನದನ್ನು ಅಷ್ಟೇ ಬಲದಿಂದ ಒತ್ತುತ್ತದೆ. ತುದಿಯನ್ನು ಎತ್ತಿ ಬಿಡಿ. ಮೇಲಿನ ಹಿಂಜಿನಲ್ಲಿ ಆಟ ಕಂಡರೆ ಅದು ಸವೆತ. ಹಿಂಜು ಅಲುಗದೆ ಕಂಬವೇ ಅಲುಗಿದರೆ ಬುಡದ ಮಣ್ಣು. ಇನ್ನೊಂದು ಕ್ರಾಸ್ ಮಾತ್ರ ಬೇಡ. ಐದೈದು ಅಡಿಯ ಎರಡು ಬಾಗಿಲು ಮಾಡಿಸುವ ಮನಸ್ಸಿದ್ದರೆ ಒಂದೊಂದು ಬಾಗಿಲಿನ ಓರೆಗೆ ಬೀಳುವುದು 16 ಕೆ.ಜಿ. ಮಾತ್ರ. ಆದರೆ ಆಗ ಇನ್ನೊಂದು ಕಡೆಯೂ ಅಷ್ಟೇ ಗಟ್ಟಿ ಕಂಬ ಬೇಕು.

ಗೌರಿಬಿದನೂರಿನಿಂದ

ಎಲ್ಲರಿಗೂ ವಂದನೆ. ಬರಹದಲ್ಲಿ "ಗಟ್ಟಿ" ತೆಗೆದೆ. "ತ್ರಿಕೋನ ಸೊಟ್ಟಗಾಗದು, ಚೌಕ ಸೊಟ್ಟಗಾಗಬಲ್ಲದು; ಯಾವ ಕಡ್ಡಿಯೂ ಬಾಗದೆ, ಮುರಿಯದೆ ಇದ್ದಾಗ" ಅಂತ ಬರೆದಿದ್ದೇನೆ. "ಆಕಾರ ಬಿಡದ" ಕೂಡ ಇಷ್ಟವಾಯಿತು, ಆದರೆ ಎಂಟನೇ ತರಗತಿಯವರಿಗೆ "ಸೊಟ್ಟ" ಬೇಗ ಹತ್ತುತ್ತದೆ. ಗೇಟಿನ ಚಿತ್ರದ ಕೆಳಗೆ "ಕ್ರಾಸ್ ಪಟ್ಟಿ" ಇರಲಿ ಅಂತಿದ್ದೇನೆ. ಸೇತುವೆಯ ಚಿತ್ರದಲ್ಲಿ ಎಳೆಪಟ್ಟಿ, ಒತ್ತುಪಟ್ಟಿ ಎರಡನ್ನೂ ಬೇರೆ ಬಣ್ಣದಲ್ಲಿ ತೋರಿಸುತ್ತೇನೆ. ಅಲ್ಲಿರುವುದು ಪಟ್ಟಿಯಲ್ಲ, ದಪ್ಪ ಕಂಬಿ. "ಒತ್ತುಕಂಬಿ" ಅಂದರೆ ನಡೆಯುತ್ತದೆಯೇ?

ತುಮಕೂರಿನಿಂದ

ನಡೆಯುತ್ತದೆ. ಆದರೆ ಮೇಡಂ, ನನ್ನ ಕಿಟಕಿಗೆ ಈಗಲೂ ಕ್ರಾಸ್ ಬೇಡ.