ಕಲ್ಲು ನೀರನ್ನು ಏನು ಮಾಡುತ್ತದೆ? "ಸ್ಥಾನಪಲ್ಲಟ"ಕ್ಕೆ ಬೇರೆ ಪದ ಇದೆಯೇ?

ಎಲ್ಲರಿಗೂ ನಮಸ್ಕಾರ.

ಮನೆಪಾಠಕ್ಕೆ ಬರುವ ಮಕ್ಕಳ ಜೊತೆ ಮೊನ್ನೆ ಒಂದು ಕಲ್ಲಿನ ಗಾತ್ರ ಅಳೆದೆವು. ಅಳತೆ ಜಾಡಿಗೆ 50 ಮಿ.ಲೀ. ನೀರು ಹಾಕಿ, ಹೊಳೆದಂಡೆಯ ಕಲ್ಲಿಗೆ ದಾರ ಕಟ್ಟಿ ಮೆಲ್ಲಗೆ ಇಳಿಬಿಟ್ಟೆವು. ನೀರು 68ಕ್ಕೆ ಏರಿತು. ಅಲ್ಲಿಗೆ ಕಲ್ಲಿನ ಗಾತ್ರ 18 ಘನ ಸೆಂ.ಮೀ. "ಕಲ್ಲು ಇಷ್ಟು ನೀರನ್ನು ಸ್ಥಾನಪಲ್ಲಟ ಮಾಡಿದೆ" ಅಂದೆ. ಒಬ್ಬಳು ತಟ್ಟನೆ ಕೇಳಿದಳು: "ಮಿಸ್, ನೀರು ಜಾಡಿಯಲ್ಲೇ ಇದೆ ಅಲ್ವಾ? ಎಲ್ಲಿಗೆ ಹೋಯ್ತು?"

ಚಲನೆಯ ಪಾಠದಲ್ಲೂ ಇದೇ ಪದ ಬರುತ್ತದೆ. ಅಲ್ಲಿ ವಸ್ತು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುತ್ತದೆ. ಇಲ್ಲಿಗೆ ಬೇರೆ ಮಾತು ಬೇಕು ಅನಿಸುತ್ತದೆ. ನೀವೇನು ಹೇಳುತ್ತೀರಿ?

ಉತ್ತರ 1

"ತಳ್ಳಿದ ನೀರು" ಅಂದರೆ ಸಾಕು ಮೇಡಂ. ಕಲ್ಲು ತನ್ನ ತೂಕದಷ್ಟು ನೀರನ್ನು ತಳ್ಳುತ್ತದೆ. ಆರ್ಕಿಮಿಡೀಸ್ ಹೇಳಿದ್ದೂ ಅದನ್ನೇ.

ಉತ್ತರ 2

ಸಾರ್, ತೂಕದಷ್ಟು ಅನ್ನುವುದು ತೇಲುವ ವಸ್ತುವಿಗೆ ಸರಿ. ಮುಳುಗಿದ ಕಲ್ಲು ತಳ್ಳುವುದು ತನ್ನ ಗಾತ್ರದಷ್ಟು ನೀರನ್ನು ಮಾತ್ರ. ಮೇಡಂ, ಆ ಕಲ್ಲನ್ನು ತೂಗಿ ನೋಡಿ. ಹೊಳೆಕಲ್ಲು ಸಾಮಾನ್ಯವಾಗಿ ನೀರಿನ ಎರಡೂವರೆ ಪಟ್ಟಿಗಿಂತ ತುಸು ಜಾಸ್ತಿ ತೂಗುತ್ತದೆ. ಸುಮಾರು 47 ಗ್ರಾಂ ಬರಬಹುದು. ತೂಕದಷ್ಟೇ ನೀರು ಏರುವುದಾಗಿದ್ದರೆ ಜಾಡಿ 97 ತೋರಿಸಬೇಕಿತ್ತು.

ಪದದ ಮಾತಿಗೆ ಬಂದರೆ, ನನಗೆ "ಒತ್ತರಿಸು" ಇಷ್ಟ. ಕೆರೆ ಒತ್ತುವರಿ ಅನ್ನುತ್ತೇವಲ್ಲ, ಅದೇ ಒತ್ತು. ನೀರಿದ್ದ ಜಾಗಕ್ಕೆ ಕಲ್ಲು ನುಗ್ಗಿ ಕೂರುತ್ತದೆ, ಪಕ್ಕದಲ್ಲಿ ಜಾಡಿಯ ಗೋಡೆ ಇರುವುದರಿಂದ ನೀರು ಮೇಲಕ್ಕೆ ಏರುತ್ತದೆ. ಕಲ್ಲು ಜಾಡಿಯಲ್ಲಿ ಹಿಡಿಯದಷ್ಟು ದೊಡ್ಡದಾದರೆ ಮೂತಿ ಇರುವ ಪಾತ್ರೆಯನ್ನು ತುಂಬಿಸಿ, ಹೊರಗೆ ಸುರಿದ ನೀರನ್ನು ಅಳೆಯುತ್ತೇವೆ. ಅಲ್ಲಿ "ಹೊರಚೆಲ್ಲಿದ ನೀರು" ಅನ್ನಬಹುದು. ನಿಮ್ಮ ಜಾಡಿಗೆ ಅದು ಹೊಂದುವುದಿಲ್ಲ.

ಇನ್ನೊಂದು ವಿಷಯ. ನೀರು ಗಾಜಿನ ಅಂಚಿನಲ್ಲಿ ಸ್ವಲ್ಪ ಮೇಲೇರಿ, ನಡುವೆ ತಗ್ಗಾಗಿರುತ್ತದೆ. ಕಣ್ಣನ್ನು ಆ ತಗ್ಗಿನ ಮಟ್ಟಕ್ಕೇ ತಂದು ಓದಬೇಕು. ನಿಂತುಕೊಂಡು ಮೇಲಿನಿಂದ ನೋಡಿದ ಮಗು 69 ಅನ್ನುತ್ತದೆ. ಇದಕ್ಕೆ ನಾನು "ತಗ್ಗಿನ ತಳ" ಅನ್ನುತ್ತೇನೆ. ಮಕ್ಕಳಿಗೆ ಬೇಗ ತಿಳಿಯುತ್ತದೆ.

ಉತ್ತರ 3

ನಮ್ಮದು ಕರಾವಳಿ. ನಾವು ಮಾಡಿದ್ದು ಮುರಕಲ್ಲಿನ ಚೂರಿನಲ್ಲಿ. ನೀರಿಗೆ ಬಿಟ್ಟ ಕೂಡಲೇ ಗುಳ್ಳೆ ಏಳತೊಡಗಿತು. ಮೊದಲು 74 ಇದ್ದ ನೀರು ನೋಡುತ್ತಿದ್ದಂತೆ 72ಕ್ಕೆ ಇಳಿಯಿತು. ತೂತುಗಳಲ್ಲಿದ್ದ ಗಾಳಿ ಹೊರಬಂದು, ಆ ಜಾಗಕ್ಕೆ ನೀರು ಹೋಯಿತು. ಮಾರನೇ ದಿನ ರಾತ್ರಿಯಿಡೀ ನೆನೆಸಿ, ಮೈ ಒರೆಸಿ ಅಳೆದೆವು. ಆಗ ನೀರು ಏರಿದ ಮೇಲೆ ಇಳಿಯಲಿಲ್ಲ.

ನನ್ನ ತೊಡಕು "ಗಾತ್ರ"ದಲ್ಲಿ. ತೂತುಗಳೂ ಕಲ್ಲಿನ ಗಾತ್ರವೇ, ಅಥವಾ ಬರೀ ಗಟ್ಟಿ ಭಾಗವೇ? ನೆನೆಸಿದಾಗ ತೂತುಗಳೂ ಸೇರಿದ ಲೆಕ್ಕ ಸಿಗುತ್ತದೆ. ಒಣಗಿದ್ದನ್ನು ಹಾಗೇ ಬಿಟ್ಟು ಕಾದರೆ ಕಮ್ಮಿ ಬರುತ್ತದೆ. ಎರಡಕ್ಕೂ ಒಂದೇ ಪದ ಸಾಕೇ?

ಪ್ರಶ್ನೆ ಕೇಳಿದವರಿಂದ

ತೂಗಿದೆ. 47 ಅಲ್ಲ, 48 ಗ್ರಾಂ. "ಒತ್ತರಿಸು" ಅಂದ ತಕ್ಷಣ ಆ ಹುಡುಗಿ "ಬಸ್ಸಿನಲ್ಲಿ ಒತ್ತರಿಸಿ ಕೂರ್ತಾರಲ್ಲ, ಹಾಗಾ ಮಿಸ್?" ಅಂದಳು. ಹಾಗೇ ಅಂದೆ. ಮುರಕಲ್ಲಿನ ಪ್ರಶ್ನೆಗೆ ಮಾತ್ರ ನನಗಿನ್ನೂ ಪದ ಹೊಳೆದಿಲ್ಲ.