‘ಕುರ್ಚಿ-ಗಂಟೆಯ ಆದಾಯ’: ಯಾವ ಗಂಟೆ, ಯಾವ ಕುರ್ಚಿ?

ಕೇಳಿದವರು (ಅನುವಾದಕಿ):
ನಮಸ್ಕಾರ. ಸಲೂನ್ ನಡೆಸುವವರಿಗೆ ಅಂತ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ರೆವಿನ್ಯೂ ಪರ್ ಚೇರ್ ಅವರ್’ ಅನ್ನುವುದನ್ನು ‘ಕುರ್ಚಿ-ಗಂಟೆಯ ಆದಾಯ’ ಅಂತ ಬರೆದಿದ್ದೇನೆ. ‘ರೂಮ್ ಯುಟಿಲೈಸೇಶನ್’ಗೆ ‘ಕೋಣೆ ಬಳಕೆ’ ಅಂದಿದ್ದೇನೆ. ಸಿಕ್ಕಿಕೊಂಡಿರುವುದು ‘ಅನ್‌ಪ್ರೊಡಕ್ಟಿವ್ ಅವರ್ಸ್’ನಲ್ಲಿ. ‘ಅನುತ್ಪಾದಕ ಗಂಟೆಗಳು’ ಅಂತ ಬರೆದರೆ ಯಾರೂ ಮುಂದಕ್ಕೆ ಓದಲ್ಲ. ‘ಖಾಲಿ ಗಂಟೆ’ ಅನ್ನಬಹುದಾ? ಕುರ್ಚಿ ಖಾಲಿ ಇದ್ದ ಹೊತ್ತು ಅನ್ನುವುದಷ್ಟೇ ಅದರ ಅರ್ಥ ಅಲ್ವಾ?

ಲೆಕ್ಕ ಬರೆಯುವವರು:
‘ಖಾಲಿ ಗಂಟೆ’ ಸಾಕು ಮೇಡಂ. ದಿನದ ಆದಾಯವನ್ನು ಕುರ್ಚಿಗಳ ಒಟ್ಟು ಗಂಟೆಯಿಂದ ಭಾಗಿಸಿದರೆ ಆಯಿತು. 4 ಕುರ್ಚಿ, 10 ಗಂಟೆ ಬಾಗಿಲು ತೆರೆದಿದ್ದರೆ 40 ಕುರ್ಚಿ-ಗಂಟೆ. ಆದಾಯ 12,000 ಆದರೆ ಕುರ್ಚಿ-ಗಂಟೆಗೆ 300. ಯಾವ ಹೊತ್ತಿನಲ್ಲಿ ಇದು ಕಡಿಮೆಯೋ ಅದೇ ಖಾಲಿ ಗಂಟೆ.

ಕುರ್ಚಿ ಬಾಡಿಗೆಗೆ ಕೊಟ್ಟವರು:
ಇದು ಕುರ್ಚಿ ಬಾಡಿಗೆಯ ವಿಷಯ ಅಂದುಕೊಂಡು ಓದಿದೆ. ನನ್ನ ಸಲೂನಿನಲ್ಲಿ 2 ಕುರ್ಚಿಗಳನ್ನು ಸ್ಟೈಲಿಸ್ಟ್‌ಗಳಿಗೇ ವಾರದ ಬಾಡಿಗೆಗೆ ಬಿಟ್ಟಿದ್ದೇನೆ. ಅವರು ಇಡೀ ಮಧ್ಯಾಹ್ನ ಸುಮ್ನೆ ಕೂತಿದ್ದರೂ ನನಗೆ ಬರುವ ದುಡ್ಡು ಕಡಿಮೆ ಆಗಲ್ಲ. ಹಾಗಾದರೆ ನನಗೆ ಖಾಲಿ ಗಂಟೆಯೇ ಇಲ್ಲ ಅನ್ನಬೇಕಾ?

ಸಲೂನ್ ಮ್ಯಾನೇಜರ್:
ಬಾಡಿಗೆ ಕುರ್ಚಿಯನ್ನು ಈ ಲೆಕ್ಕದಿಂದ ಹೊರಗೇ ಇಡಿ. ಅದರಿಂದ ನಿಮಗೆ ಬರುವುದು ಬಾಡಿಗೆ. ಗಿರಾಕಿ ಕೊಡುವುದು ಸ್ಟೈಲಿಸ್ಟ್‌ಗೆ ಹೋಗುತ್ತೆ. ಎರಡನ್ನೂ ಬೆರೆಸಿದರೆ ಸರಾಸರಿ ಕೆಡುತ್ತೆ. ಹಾಗೇ ಶಾಂಪೂ ಬಾಟಲಿ, ಸೀರಮ್ ಮಾರಿದ ದುಡ್ಡನ್ನೂ ಬೇರೆ ಇಡಬೇಕು. ಅದು ಕೌಂಟರಿನ ವ್ಯಾಪಾರ, ಕುರ್ಚಿಯದ್ದಲ್ಲ.

ಲೆಕ್ಕದವರು ಹೇಳಿದ್ದು ಅರ್ಧ ಸರಿ. 40 ಕುರ್ಚಿ-ಗಂಟೆಯಲ್ಲಿ ಗಿರಾಕಿ ಕೂತಿದ್ದು 24 ಗಂಟೆ ಅಂದುಕೊಳ್ಳಿ. ಆಗ ಬಳಕೆ 60%, ಕೂತ ಗಂಟೆಗೆ ಆದಾಯ 500. 500ರ 60% ಅಂದರೆ ಅದೇ 300. ಈ 300 ಕಡಿಮೆ ಅನ್ನಿಸಿದರೆ ಕಾರಣ ಎರಡರಲ್ಲಿ ಯಾವುದು ಅಂತ ಮೊದಲು ಬಿಡಿಸಬೇಕು. ಕುರ್ಚಿ ಖಾಲಿ ಇತ್ತೋ, ತುಂಬಿದ್ದರೂ ಗಳಿಸಲಿಲ್ಲವೋ? ಎರಡಕ್ಕೂ ಮದ್ದು ಬೇರೆ. ಅದಕ್ಕೇ ಮೇಡಂ, ‘ಖಾಲಿ’ ಅನ್ನುವ ಪದ ಅರ್ಧವನ್ನಷ್ಟೇ ಹೇಳುತ್ತೆ.

ಇನ್ನೊಂದು ಗಮನಿಸಿ. ಆ ದಿನ ಕೆಲಸಕ್ಕೆ ಬಂದಿದ್ದವರು 3 ಜನ ಸ್ಟೈಲಿಸ್ಟ್ ಮಾತ್ರ ಆಗಿದ್ದರೆ ನಿಜವಾಗಿ ಮಾರಾಟಕ್ಕಿದ್ದದ್ದು 30 ಗಂಟೆ. ಆಗ ಬಳಕೆ 80%. ನಾಲ್ಕನೇ ಕುರ್ಚಿ ನಿಂತಿದ್ದು ಗಿರಾಕಿ ಇಲ್ಲದ್ದಕ್ಕಲ್ಲ, ಕೈ ಇಲ್ಲದ್ದಕ್ಕೆ. ಇದನ್ನು ನೋಡದೆ ರಿಯಾಯಿತಿ ಬೋರ್ಡ್ ಹಾಕಿದರೆ ಬಂದವರನ್ನು ಕಾಯಿಸಿ ಕಳಿಸಬೇಕಾಗುತ್ತೆ, ಅಷ್ಟೇ.

ಅನುವಾದಕಿ:
ಕೈಪಿಡಿಯಲ್ಲಿ ವಾರದ ದಿನ ಮೇಲೆ, ಗಂಟೆ ಪಕ್ಕದಲ್ಲಿ ಇರುವ ಒಂದು ಬಣ್ಣದ ಕೋಷ್ಟಕ ಇದೆ. ಸಂಜೆ 4ರಿಂದ 5 ಕಡು ಹಸಿರು, ಮಧ್ಯಾಹ್ನ 2ರಿಂದ 4 ಕೆಂಪು. ಕೆಳಗೆ ‘ಇವು ಅನ್‌ಪ್ರೊಡಕ್ಟಿವ್’ ಅಂತ ಇದೆ. ಅಂದರೆ ಮಧ್ಯಾಹ್ನ ಜನ ಬರಲ್ಲ ಅಂತ ತಾನೇ?

ಸಲೂನ್ ಮ್ಯಾನೇಜರ್:
ಆ ಕೋಷ್ಟಕ ಬಿಲ್ಲಿಂಗ್ ಸಾಫ್ಟ್‌ವೇರಿನಿಂದ ನೇರ ತೆಗೆದದ್ದಾದರೆ ನಂಬಬೇಡಿ. ಬಿಲ್ಲಿನ ಮೇಲೆ ಬೀಳುವುದು ದುಡ್ಡು ಕಟ್ಟಿದ ಸಮಯ, ಕೂತ ಸಮಯ ಅಲ್ಲ.

ಒಬ್ಬರು ಹೇರ್ ಕಲರ್‌ಗೆ 2 ಗಂಟೆಗೆ ಕೂತು 4:30ಕ್ಕೆ ಎದ್ದರು. ಬಿಲ್ 2,500. ಕೌಂಟರಿನಲ್ಲಿ 4:35ಕ್ಕೆ ಕಟ್ಟಿದರು. ಕೋಷ್ಟಕದಲ್ಲಿ ಪೂರ್ತಿ 2,500 ನಾಲ್ಕರ ಸಾಲಿಗೆ ಹೋಗುತ್ತೆ, ಎರಡು ಮತ್ತು ಮೂರರ ಸಾಲು ಸೊನ್ನೆ. ನಿಜಕ್ಕೂ ಆ ಎರಡೂ ಗಂಟೆ ಕುರ್ಚಿ ತುಂಬಿತ್ತು. ಸರಿಯಾಗಿ ಹಂಚಿದರೆ 2ರಿಂದ 3ಕ್ಕೆ 1,000, 3ರಿಂದ 4ಕ್ಕೆ 1,000, ಕೊನೆಯ ಅರ್ಧ ಗಂಟೆಗೆ 500. ಇದಕ್ಕೆ ಅಪಾಯಿಂಟ್‌ಮೆಂಟ್ ಪುಸ್ತಕದಲ್ಲಿ ಶುರು ಮತ್ತು ಮುಗಿದ ಸಮಯ ಎರಡೂ ಬೇಕು. ಹೆಚ್ಚಿನ ಕಡೆ ಬುಕ್ ಮಾಡಿದ ಸಮಯ ಮಾತ್ರ ಇರುತ್ತೆ. ಗಿರಾಕಿ 20 ನಿಮಿಷ ತಡವಾಗಿ ಬಂದಿದ್ದು ಅದರಲ್ಲಿ ಕಾಣಲ್ಲ.

ಕೆಂಪು ಸಾಲುಗಳು ಮುಗಿದ ಕೂಡಲೇ ಒಂದು ಕಡು ಹಸಿರು ಸಾಲು ಬಂದಿದ್ದರೆ, ಮತ್ತು ಉದ್ದದ ಕೆಲಸ ಜಾಸ್ತಿ ಇರುವ ದಿನಗಳಲ್ಲೇ ಹಾಗೆ ಕಂಡರೆ, ಈ ತಪ್ಪೇ ಆಗಿದೆ ಅಂತ ಅನುಮಾನಿಸಿ.

ಲೆಕ್ಕ ಬರೆಯುವವರು:
ಒಪ್ಪಿದೆ ಸರ್. ಆದರೆ ಅರ್ಧ ಗಂಟೆಯ ಕಟಿಂಗ್‌ಗೆ 600 ಬಂದರೆ ಗಂಟೆಗೆ 1,200. ಕಲರ್ ಗಂಟೆಗೆ 1,000. ಹಾಗಾದರೆ ಕಲರ್ ಬಿಟ್ಟು ಕಟಿಂಗ್ ಹಿಡಿಯುವುದೇ ಲಾಭ, ಅಲ್ವಾ?

ಸಲೂನ್ ಮ್ಯಾನೇಜರ್:
ಕಟಿಂಗ್‌ಗೆ ಜನ ಕಾಯುತ್ತಾ ನಿಂತಿದ್ದರೆ ಮಾತ್ರ. ಯಾರೂ ಇಲ್ಲದಾಗ ಕಲರ್‌ನ 1,000 ಬಿಟ್ಟರೆ ಸಿಗುವುದು 1,200 ಅಲ್ಲ, ಸೊನ್ನೆ. ಕಲರ್ ಟ್ಯೂಬಿನ ಖರ್ಚು ಬೇರೆ ಲೆಕ್ಕ, ಅದನ್ನೂ ಕಳೆಯಬೇಕು.

ಇಲ್ಲೇ ಇನ್ನೊಂದು ಇದೆ. ಬಣ್ಣ ಹಚ್ಚಿದ ಮೇಲೆ ಅದು ಹಿಡಿಯಲು ಸುಮಾರು 40 ನಿಮಿಷ ಬಿಡುತ್ತಾರೆ ಅಂದುಕೊಳ್ಳಿ. ಆಗ ಸ್ಟೈಲಿಸ್ಟ್ ಕೈ ಖಾಲಿ, ಕುರ್ಚಿ ಖಾಲಿ ಇಲ್ಲ. ಆ 40 ನಿಮಿಷ ಗಿರಾಕಿಯನ್ನು ಪಕ್ಕದ ಸಾದಾ ಆಸನಕ್ಕೆ ಕಳಿಸಿದರೆ ಕಟಿಂಗ್ ಕುರ್ಚಿ ಬಿಡುವಾಗುತ್ತೆ. ಅದೇ ಸ್ಟೈಲಿಸ್ಟ್ ಒಂದು ಕಟಿಂಗ್ ಮುಗಿಸಿಬಿಡಬಹುದು. ಕಲರ್‌ಗೆ ಕುರ್ಚಿ ಹಿಡಿದದ್ದು ಆಗ 110 ನಿಮಿಷ, ಗಂಟೆಗೆ ಸುಮಾರು 1,360 ಬಿತ್ತು. ಕಟಿಂಗ್‌ಗಿಂತ ಜಾಸ್ತಿಯೇ ಆಯಿತು. ಆದರೆ ಕಟಿಂಗ್ ಎಳೆದು ಬಣ್ಣ ಹೊತ್ತು ಮೀರಿ ತಲೆಯ ಮೇಲೆ ಉಳಿದರೆ ಕೆಲಸ ಕೆಡುತ್ತೆ. ಹೊಸ ಹುಡುಗರಿಗೆ ಇದನ್ನು ಬಿಡಬೇಡಿ.

ಫೇಶಿಯಲ್ ಕೋಣೆ ನೋಡಿಕೊಳ್ಳುವವರು:
ಕೋಣೆ ಬಳಕೆಯ ಬಗ್ಗೆ ನಂದೂ ಒಂದು ಮಾತಿದೆ. ನಮ್ಮ ಓನರ್‌ಗೆ 100% ಬೇಕು. ಫೇಶಿಯಲ್ 60 ನಿಮಿಷ. ಆಮೇಲೆ ಹಾಸಿಗೆ ಬಟ್ಟೆ ಬದಲಿಸಿ, ಬಟ್ಟಲು ತೊಳೆದು, ಕೋಣೆ ಒರೆಸಲು 15 ನಿಮಿಷ. ಅಂದರೆ ಒಬ್ಬರಿಗೆ 75. 600 ನಿಮಿಷದ ದಿನಕ್ಕೆ 8 ಜನ ಹಿಡಿಯುತ್ತಾರೆ. ಎಂಟೂ ಜನ ಬಂದು ನಾನು ಊಟಕ್ಕೂ ಏಳದಿದ್ದರೂ ಗಿರಾಕಿ ಮಲಗಿದ್ದು 480 ನಿಮಿಷ, 80%. ಉಳಿದ 20% ಪೋಲು ಅಂತ ಬೈಸಿಕೊಳ್ಳುವುದು ನಾನು.

ನಿಜವಾದ ಪೋಲು ಬೇರೆ ಇದೆ. ಒಬ್ಬರಿಗೆ 11:15ಕ್ಕೆ, ಮುಂದಿನವರಿಗೆ 1:15ಕ್ಕೆ ಕೊಡುತ್ತಾರೆ. ನಡುವೆ ಉಳಿಯುವುದು 45 ನಿಮಿಷ. ಅದರಲ್ಲಿ ಫೇಶಿಯಲ್ ಆಗಲ್ಲ. ಇಂಥದ್ದು ದಿನಕ್ಕೆ ಎರಡು ಬಿದ್ದರೆ ಒಬ್ಬ ಗಿರಾಕಿಗೆ ಆಗುವುದಕ್ಕಿಂತ ಜಾಸ್ತಿ ಹೊತ್ತು ಹೋದ ಹಾಗೆ. ನಾವು ಅದನ್ನು ‘ಚೂರು ಹೊತ್ತು’ ಅಂತೀವಿ.

ಅನುವಾದಕಿ:
‘ಚೂರು ಹೊತ್ತು’ ಎತ್ತಿಕೊಳ್ಳುತ್ತೇನೆ, ಅಡ್ಡಿ ಇಲ್ಲ ತಾನೇ? ಸದ್ಯಕ್ಕೆ ಒಂದೇ ಪದದ ಆಸೆ ಬಿಟ್ಟೆ. ಯಾರೂ ಕೂರದಿದ್ದರೆ ‘ಖಾಲಿ ಗಂಟೆ’, ಕೂತಿದ್ದೂ ಗಳಿಕೆ ಕಡಿಮೆ ಆದರೆ ‘ಕಡಿಮೆ ಗಳಿಕೆಯ ಗಂಟೆ’, ಸ್ಟೈಲಿಸ್ಟ್ ಇಲ್ಲದ್ದಾದರೆ ‘ಆಳಿಲ್ಲದ ಗಂಟೆ’. ಕೋಣೆ ಸ್ವಚ್ಛ ಮಾಡುವ 15 ನಿಮಿಷವನ್ನು ಬಳಕೆಗೇ ಸೇರಿಸಿ ಅಡಿಟಿಪ್ಪಣಿ ಹಾಕುತ್ತೇನೆ.

ಲೆಕ್ಕ ಬರೆಯುವವರು:
‘ಆಳಿಲ್ಲದ’ ಬೇಡ ಮೇಡಂ, ಸ್ಟೈಲಿಸ್ಟ್‌ಗಳಿಗೆ ಬೇಜಾರಾಗುತ್ತೆ. ‘ಸಿಬ್ಬಂದಿ ಇಲ್ಲದ’ ಅನ್ನಿ. ಸ್ವಚ್ಛ ಮಾಡುವ ಹೊತ್ತನ್ನು ಬಳಕೆಗೆ ಸೇರಿಸುವುದನ್ನೂ ನಾನು ಒಪ್ಪಲ್ಲ. ಆಗ ನಿಧಾನವಾಗಿ ಒರೆಸುವವರ ಕೋಣೆಯೇ ಜಾಸ್ತಿ ತುಂಬಿದ ಹಾಗೆ ಕಾಣುತ್ತೆ.

ಕುರ್ಚಿ ಬಾಡಿಗೆಗೆ ಕೊಟ್ಟವರು:
ಬುಕ್ ಮಾಡಿ ಬಾರದವರ ಹೊತ್ತನ್ನು ಎಲ್ಲಿಗೆ ಹಾಕುತ್ತೀರಿ? ಪುಸ್ತಕದಲ್ಲಿ ತುಂಬಿದೆ, ಕುರ್ಚಿಯಲ್ಲಿ ಯಾರೂ ಇಲ್ಲ.

ಸಲೂನ್ ಮ್ಯಾನೇಜರ್:
ನಾನು ಖಾಲಿಗೇ ಹಾಕುತ್ತೇನೆ, ಪಕ್ಕದಲ್ಲಿ ಒಂದು ಗುರುತು ಮಾಡಿ. ಮುಂಗಡ ತೆಗೆದುಕೊಂಡಿದ್ದರೆ ಆ ದುಡ್ಡನ್ನು ಯಾವ ಗಂಟೆಗೆ ಬರೆಯಬೇಕು ಅನ್ನುವುದರಲ್ಲಿ ಮಾತ್ರ ನಮ್ಮಲ್ಲೇ ಇನ್ನೂ ಜಗಳ ಇದೆ.